ಮಣ್ಣಿಗೆ ಕೈ ಇಲ್ಲ

“ತಂಗಿ, ಮಣ್ಣಿನ ಕೈಯಾಗ ಸಳಿ ಹ್ಯಾಂಗ ಬಂತು?”

ಈರಬಸಪ್ಪ ಮಾಸ್ತರರು ಕೆಂಪು ಪೆನ್ಸಿಲಿನ ಮೊನೆಯನ್ನು ಹಾಳೆಗೆ ಚುಚ್ಚಿ ಹಿಡಿದು ಕೇಳಿದರು. ಅನುಸೂಯಾ ಬಗ್ಗಿ ನೋಡಿದಳು. ತಾನೇ ಬರೆದ ಪ್ಯಾರಾ. ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯದ್ದು. ಅದರಲ್ಲಿ ಮಣ್ಣೂ ಇತ್ತು, ಕಬ್ಬಿಣದ ಸಳಿಯೂ ಇತ್ತು. ಮಣ್ಣಿನ ಕೈಗೆ ಸಳಿ ಕೊಟ್ಟ ನೆನಪು ಮಾತ್ರ ಅವಳಿಗಿರಲಿಲ್ಲ.

“ನಾ ಹಾಂಗ ಬರದಿಲ್ರಿ ಸರ್.”

“ಬರದೀದಿ. ಜೋರಾಗಿ ಓದು.”

ಅವಳು ಓದಿದಳು: “ದುಡಿಮೆಯ ದೇಹ ಮತ್ತು ಅಧಿಕಾರದ ದೇಹ ಮುಖಾಮುಖಿಯಾಗುವ ಈ ಪದದಲ್ಲಿ ಅವನು ಅವನ ಮೇಲೆ ಕೈ ಎತ್ತಿದಾಗ ಅವನ ಮೌನವೇ ಪ್ರತಿರೋಧವಾಗುತ್ತದೆ. ಇದು ಅದನ್ನು ನಿರಾಕರಿಸುತ್ತಲೇ ಅದರ ಭಾಗವೂ ಆಗುತ್ತದೆ. ಸಳಿಯಿಂದ ಹೊಡೆದು, ತಗ್ಗಿಗೆ ಕೆಡವಿ, ಮಣ್ಣು ಅವನನ್ನು ಮುಚ್ಚುತ್ತದೆ. ಹೀಗೆ ಕರ್ತೃತ್ವವು ವಿಸರ್ಜನೆಗೊಂಡು ಹಿಂಸೆಯು ನೆಲದ ಸ್ವಭಾವವಾಗಿ ಗೋಚರಿಸುತ್ತದೆ.”

“ಮುಚ್ಚುತ್ತದ ಅಂದಿ. ಮುಚ್ಚೋದು ಯಾರು?”

“ಮಣ್ಣುರಿ.”

“ಹೊಡದು, ಕೆಡವಿ, ಎರಡೂ ಆ ಮುಚ್ಚೋದರ ಬೆನ್ನು ಹತ್ಯಾವ. ಅವಕ್ಕ ಬ್ಯಾರೆ ಮಾಲಕ ಇಲ್ಲ ಈ ವಾಕ್ಯದಾಗ. ಅಂದಮ್ಯಾಲ ಹೊಡದದ್ದೂ ಮಣ್ಣ, ಕೆಡವಿದ್ದೂ ಮಣ್ಣ. ಕೋರ್ಟಿನ್ಯಾಗ ಈ ವಾಕ್ಯ ಇಟ್ರ ಮಣ್ಣಿಗೆ ಬೇಡಿ ಹಾಕಬೇಕಾಗ್ತದ.”

ಅನುಸೂಯಾ ನಗಲಿಲ್ಲ. “ಮಳಿ ಬಂದು ಕೆರಿ ತುಂಬಿತು ಅಂತೀವಲ್ರಿ. ಬಂದದ್ದು ಮಳಿ, ತುಂಬಿದ್ದು ಕೆರಿ.”

“ಶಾಣ್ಯಾಕಿ. ಅದು ನಡೀತದ. ಮಳಿ ಬೇಕಂತ ಬರೂದಿಲ್ಲ, ಒಂದು ಆದದ್ದಕ್ಕ ಇನ್ನೊಂದು ಆಗ್ತದ. ಆದರ ಹೊಡಿಯೂದು ತಾನಾಗಿ ಆಗೂದಿಲ್ಲ. ಹೊಡಿಯಾಕ ಒಂದು ಕೈ ಬೇಕು, ಆ ಕೈಗೆ ಒಂದು ಮನಸ್ಸು ಬೇಕು.” ಮಾಸ್ತರರು ಪೆನ್ಸಿಲನ್ನು ಮೇಲಿನ ಸಾಲಿಗೆ ತಂದರು. “ಇನ್ನ ಇಲ್ಲಿ ನೋಡು. ಅವನು ಅವನ ಮ್ಯಾಲ ಕೈ ಎತ್ತಿದಾಗ ಅವನ ಮೌನ. ಮೂರು ಮಂದಿ ಅವನು. ಎತ್ತಿದಾಂವ ಯಾರು, ತಿಂದಾಂವ ಯಾರು, ಸುಮ್ಮನಿದ್ದಾಂವ ಯಾರು? ಹೆಸರು ಹೇಳು.”

ಅನುಸೂಯಾ ಹಾಳೆಯ ಮೂಲೆ ಮಡಚಿದಳು.

“ಹೇಳವಾ. ಹಾಡು ನೀನೇ ಬರಕೊಂಡು ಬಂದೀದಿ, ಗೊತ್ತಿಲ್ಲೇನು?”

ಅವಳಿಗೆ ಗೊತ್ತಿತ್ತು. ಕೈ ಎತ್ತಿದವನ ಉಗುರಿನ ಸಂದಿಯಲ್ಲಿ ಸುಣ್ಣ ಮೆತ್ತಿಕೊಂಡಿದ್ದದ್ದೂ ಗೊತ್ತಿತ್ತು.

ಈರಬಸಪ್ಪ ಮಾಸ್ತರರು ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮಗ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದ ಕಾರಣ ಖಡಕಿಯ ಕ್ವಾರ್ಟರ್ಸಿಗೆ ಬಂದು ನೆಲೆಸಿದ್ದರು. ಕೊನೆಗೆ ಉಳಿದಿದ್ದ ವಿದ್ಯಾರ್ಥಿನಿ ಅನುಸೂಯಾ ಒಬ್ಬಳೇ. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಕೂಡಲೇ ಲೋಕಲ್ ಹಿಡಿದು ಖಡಕಿಗೆ ಬರುತ್ತಿದ್ದಳು. ಅವಳ ಪ್ರಬಂಧದ ವಿಷಯ, ಪುಣೆಯ ಕಟ್ಟಡ ಕೆಲಸದ ಕನ್ನಡ ಹೆಂಗಸರು ಬುಟ್ಟಿ ಹೊರುವಾಗ ಹಾಡುವ ಪದಗಳು ಮತ್ತು ಅವುಗಳಲ್ಲಿ ಹಿಂಸೆಯ ಚಿತ್ರಣ. ಆ ಮನೆತನಗಳಲ್ಲಿ ಡಿಗ್ರಿ ಮಾಡಿದವಳು ಅವಳೇ ಮೊದಲಿಗಳು. ಅವಳ ಅವ್ವ ಚಂದಮ್ಮ ಈಗಲೂ ಬುಟ್ಟಿ ಹೊರುತ್ತಿದ್ದಳು.

ಮಾಸ್ತರರಿಗೆ ಇಷ್ಟು ಗೊತ್ತಿತ್ತು. ಕೊನೆಯ ಅಧ್ಯಾಯದ ಹಾಡು ಆ ಚಂದಮ್ಮನದೇ ಎಂಬುದು ಗೊತ್ತಿರಲಿಲ್ಲ. “ಒಬ್ಬ ಹಾಡುಗಾರ್ತಿ” ಎಂದಷ್ಟೇ ಅನುಸೂಯಾ ಬರೆದಿದ್ದಳು.

ಅನುಸೂಯಾಳಿಗೆ ಒಂಬತ್ತು ವರ್ಷವಿದ್ದಾಗಿನ ಮಾತು. ಯಾದಗಿರಿ ಕಡೆಯಿಂದ ಬಂದ ಐವತ್ತು ಮಂದಿಯ ಗುಂಪು ಕೋಥರೂಡಿನಲ್ಲಿ ಒಂದು ದೊಡ್ಡ ಕಟ್ಟಡಕ್ಕೆ ಬುನಾದಿ ತೋಡುತ್ತಿತ್ತು. ಗುಂಪನ್ನು ಆಳುತ್ತಿದ್ದ ಮುಕಾದಮ ಭುಜಂಗ. ಕೊರಳಲ್ಲಿ ಸದಾ ಒಂದು ಹಿತ್ತಾಳೆಯ ಸೀಟಿ. ಅದು ಒಮ್ಮೆ ಊದಿದರೆ ಕೆಲಸ ಸುರು, ಎರಡು ಸಲ ಊದಿದರೆ ಊಟ. ಆ ದಿನ ತಗ್ಗಿನ ಒಂದು ಬದಿ ಬಿರುಕು ಬಿಟ್ಟು ಒದ್ದೆ ಮಣ್ಣು ಉದುರುತ್ತಿತ್ತು. ಅನುಸೂಯಾಳ ಅಪ್ಪ ಹುಸೇನಪ್ಪ ಕೆಳಗಿಳಿಯಲು ಒಪ್ಪಲಿಲ್ಲ. ಬೈಯಲಿಲ್ಲ, ಕೂಗಲಿಲ್ಲ. ಸಲಿಕೆಯನ್ನು ಪಕ್ಕಕ್ಕಿಟ್ಟು ಅಂಚಿನಲ್ಲಿ ಕುಳಿತುಬಿಟ್ಟ. ಭುಜಂಗ ಸೀಟಿ ಊದಿದ. ಹುಸೇನಪ್ಪ ಏಳಲಿಲ್ಲ. ಅವನನ್ನು ನೋಡಿ ಬೇರೆ ಗಂಡಸರೂ ಸಲಿಕೆ ಇಟ್ಟರು.

ಭುಜಂಗ ಕಬ್ಬಿಣದ ರಾಶಿಯಿಂದ ಒಂದು ಸಳಿ ಎಳೆದುಕೊಂಡು ಬಂದ. ಮೊದಲ ಏಟು ಹುಸೇನಪ್ಪನ ಮೊಣಕಾಲಿಗೆ. ಚಿಪ್ಪು ಒಡೆದ ಸದ್ದು, ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಅನುಸೂಯಾಳಿಗೆ ತೆಂಗಿನಕಾಯಿ ಒಡೆದಂತೆ ಕೇಳಿಸಿತು. ಎರಡನೆಯದು ಕುತ್ತಿಗೆಗೆ. ಆಮೇಲೆ ಭುಜಂಗ ಅಂಗಾಲಿನಿಂದ ಅವನ ಎದೆಗೆ ಒದ್ದ. ಹುಸೇನಪ್ಪ ತಗ್ಗಿಗೆ ಬಿದ್ದ, ಬಿದ್ದ ಹೊಡೆತಕ್ಕೆ ಸಡಿಲಾಗಿದ್ದ ಬದಿ ಪೂರ್ತಿ ಕುಸಿಯಿತು. ತಲೆಯ ಮೇಲೆ ಬುಟ್ಟಿ ಹೊತ್ತಿದ್ದ ಚಂದಮ್ಮ ಬುಟ್ಟಿಯ ಸಮೇತ ಓಡಿದಳು. ಹೊರಗೆ ತೆಗೆದಾಗ ಹುಸೇನಪ್ಪನ ಬಾಯಿ ತುಂಬ ಮಣ್ಣು. ಚಂದಮ್ಮ ತನ್ನ ಬೆರಳು ಹಾಕಿ ಮಣ್ಣು ತೆಗೆಯುತ್ತಿದ್ದಳು, ಅದು ಮುಗಿಯುತ್ತಲೇ ಇರಲಿಲ್ಲ.

ಪೊಲೀಸರು ಬಂದು ಬರೆದುಕೊಂಡದ್ದು, ಮಣ್ಣು ಕುಸಿದು ಒಬ್ಬ ಮಜೂರ ಸತ್ತ. ಅಂದು ಭುಜಂಗ ಚಂದಮ್ಮನ ಕಿವಿಯಲ್ಲಿ ಹೇಳಿದ, “ಬಾಯಿ ತೆಗದ್ರ ಈ ಕೂಸೂ ಅದೇ ತಗ್ಗಿಗೆ.” ಕೂಸು ಎಂದರೆ ಅನುಸೂಯಾಳ ತಮ್ಮ ದತ್ತು. ಚಂದಮ್ಮ ಮಗಳನ್ನು ಊರಿಗೆ ತಂಗಿಯ ಮನೆಗೆ ಕಳಿಸಿದಳು. ಮಗನನ್ನು ಕಣ್ಣೆದುರಿಗೇ ಇಟ್ಟುಕೊಂಡು ಅದೇ ಗುಂಪಿನೊಂದಿಗೆ ಕಟ್ಟಡದಿಂದ ಕಟ್ಟಡಕ್ಕೆ ತಿರುಗಿದಳು. ಬಾಯಿ ತೆಗೆಯಲಿಲ್ಲ. ಆದರೆ ಬುಟ್ಟಿ ಹೊರುವಾಗ ಒಂದು ಪದ ಕಟ್ಟಿಕೊಂಡು ಹಾಡಿದಳು. ಹಾಡಿಗೆ ಯಾರೂ ಬೇಡ ಎನ್ನಲಿಲ್ಲ.

ಸೀಟಿ ಊದುವ ಕೈಗೆ ಸಳಿ ಯಾಕ ಬಂದೀತ
ತಗ್ಗೀನ ದಂಡ್ಯಾಗ ಕುಂತಾನ ನನ ರಾಯ
ಮಣ್ಣೀಗಿ ಕೈಯ ಬಂದಾವೇನ

ದತ್ತು ದೊಡ್ಡವನಾದ. ಅವನನ್ನು ಬೆಳೆಸಿದ್ದು ಭುಜಂಗನೇ ಎನ್ನಬೇಕು. ಹೊಸ ಅಂಗಿ, ಬೈಕಿನ ಹಿಂದಿನ ಸೀಟು, ಆಮೇಲೆ ಬೈಕಿನ ಮುಂದಿನ ಸೀಟು. “ನಿಮ್ಮಪ್ಪ ಕುಡುದು ಬಂದು ನನ್ನ ಮ್ಯಾಲ ಸಲಿಕಿ ಎತ್ತಿದ, ಕಾಲು ಜಾರಿ ಬಿದ್ದ. ನಾ ಮಾತ್ರ ನಿನ್ನ ಕೈ ಬಿಡಲಿಲ್ಲ” ಎಂದು ಭುಜಂಗ ಅವನಿಗೆ ಎಷ್ಟೋ ಸಲ ಹೇಳಿದ್ದ. ಈಗ ಗುಂಪಿನಲ್ಲಿ ಯಾರಾದರೂ ಎದುರು ಮಾತಾಡಿದರೆ ಭುಜಂಗ ಕೈ ಎತ್ತುತ್ತಿರಲಿಲ್ಲ, ದತ್ತುವಿನ ಕಡೆ ನೋಡುತ್ತಿದ್ದ. ಇಪ್ಪತ್ತೆರಡರ ಹುಡುಗನ ಗೆಣ್ಣುಗಳು ಯಾವಾಗಲೂ ಸುಲಿದಿರುತ್ತಿದ್ದವು.

ಕಳೆದ ಭಾನುವಾರ ಆದದ್ದು ಅನುಸೂಯಾಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅವಳ ಸಂಗ್ರಹಕ್ಕೆ ಒಂದು ಕಟ್ಟಳೆ ಇತ್ತು. ಅದನ್ನು ಹಾಕಿದವಳು ಗುಂಪಿನ ಹಿರಿಯಳು ತಿಪ್ಪವ್ವ. “ನಮ್ಮ ಪದ ಒಯ್ದು ನೀ ಏನ ಬರೀತಿ, ಹೊಳ್ಳಿ ಬಂದು ನಮಗ ಓದಿ ಹೇಳಬೇಕು. ಇಲ್ಲಂದ್ರ ಹಾಡಂಗಿಲ್ಲ.” ಹೀಗೆ ಪ್ರತಿ ಅಧ್ಯಾಯವನ್ನೂ ಮಾಸ್ತರರಿಗೆ ಕೊಡುವ ಮೊದಲು, ತಿದ್ದಿದ ಮೇಲೆ ಮತ್ತೊಮ್ಮೆ, ಅನುಸೂಯಾ ಸ್ವಾರಗೇಟದಿಂದ ಬಸ್ಸು ಹಿಡಿದು ಕೋಂಢವಾದ ಗುಡ್ಡದ ಹಿಂದಿನ ತಗಡಿನ ಪತ್ರಾದ ಗುಡಿಸಲುಗಳಿಗೆ ಹೋಗಿ, ನೀರಿನ ಟಾಕಿಯ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದಳು. ಹೆಂಗಸರು ಹೇನು ತೆಗೆಯುತ್ತ, ಅಕ್ಕಿ ಆರಿಸುತ್ತ ಕೇಳುತ್ತಿದ್ದರು.

ಆ ಭಾನುವಾರ ಅವಳು ಈ ಪ್ಯಾರಾವನ್ನೂ ಓದಿದ್ದಳು. ಓದಿ ಮುಗಿಸಿದಾಗ ತಿಪ್ಪವ್ವ, “ಇದು ಕನ್ನಡನೇ ಹೌದೇನಬೇ? ಯಾವನೋ ಯಾವನಿಗೋ ಏನೋ ಮಾಡಿದ. ಪೂಜಾರಿ ಮಂತ್ರ ಇದಕ್ಕಿಂತ ತಿಳೀತದ” ಎಂದಿದ್ದಳು. ಎಲ್ಲರೂ ನಕ್ಕರು. ಬೈಕಿಗೆ ಒರಗಿ ನಿಂತಿದ್ದ ಭುಜಂಗನೂ ನಕ್ಕ. “ಲೈ ಭಾರಿ ಬರದೀ ಟೀಚರಬಾಯಿ. ಹಿಂಗೇ ಬರಿ” ಎಂದು ಮೆಚ್ಚಿಕೊಂಡ. ಚಂದಮ್ಮ ಮಾತ್ರ ಎದ್ದು ಒಳಗೆ ಹೋದಳು.

ಬಸ್ ಸ್ಟಾಪಿಗೆ ಬಿಡಲು ಬಂದ ದತ್ತುವಿನ ಅಂಗಿಯ ತೋಳಿಗೆ ರಕ್ತದ ಕಲೆ ಇತ್ತು. ಬೆಳಿಗ್ಗೆ ಕೆಲಸ ಬಿಟ್ಟು ದೌಂಡದ ಕಡೆ ಕಬ್ಬು ಕಡಿಯಲು ಹೋಗುತ್ತೇನೆಂದ ಒಬ್ಬನ ಹಲ್ಲು ಉದುರಿಸಿ ಬಂದಿದ್ದ. “ಅಕ್ಕ, ಅದು ಅಪ್ಪನ ಸುದ್ದಿ ಅಂತ ನನಗ ತಿಳೀತು” ಎಂದ. “ಅವನೇ ಅವನ ಮ್ಯಾಲ ಕೈ ಎತ್ತಿದ ಅಂತ ಬರದೀದಿ. ಆಮ್ಯಾಲ ಮಣ್ಣು ಬಿತ್ತು ಅಂತ. ಭುಜಂಗ ಕಾಕಾ ಹೇಳ್ತಿದ್ದದ್ದು ಖರೇನೇ ಆತು. ಅವ್ವನ ಮುಖ ನೋಡಿ ನನಗ ಒಂದೊಂದು ಸಲ ಸಂಶೇ ಬರ್ತಿತ್ತು. ಕಲಿತ ಅಕ್ಕನೇ ಬರದ ಮ್ಯಾಲ ಮುಗೀತು.”

ಅಲ್ಲೇ ಹೇಳಬಹುದಿತ್ತು. ಬಸ್ಸು ಬಂತು, ಅನುಸೂಯಾ ಹತ್ತಿದಳು.

ಈಗ ಖಡಕಿಯ ಆ ಪುಟ್ಟ ಕೋಣೆಯಲ್ಲಿ ಅವಳು ಇದೆಲ್ಲವನ್ನೂ ಹೇಳಿದಳು. ಹೇಳುವಾಗ ಮಾಸ್ತರರ ಮುಖ ನೋಡಲಿಲ್ಲ, ಕೆಂಪು ಪೆನ್ಸಿಲನ್ನೇ ನೋಡುತ್ತಿದ್ದಳು. ಸೊಸೆ ರೇಣು ತಂದಿಟ್ಟ ಚಹಾ ಕೆನೆಗಟ್ಟಿತು.

ಮಾಸ್ತರರು ಪೆನ್ಸಿಲನ್ನು ಕೆಳಗಿಟ್ಟರು. ಆಮೇಲೆ, “ಬೇಕಂತಲೇ ಹಿಂಗ ಬರದೀ?” ಎಂದರು.

“ಗೊತ್ತಿಲ್ರಿ ಸರ್. ಬರೀವಾಗ ಇದು ಥಿಯರಿ ಅಂತ ಅನಸ್ತಿತ್ತು. ದೊಡ್ಡ ಶಬ್ದ ಹಾಕಿದಷ್ಟೂ ಎದಿ ಹಗುರ ಆಗ್ತಿತ್ತು.”

“ಆಗ್ತದ.” ಅವರು ಹಾಳೆಯನ್ನು ಅವಳ ಕಡೆ ತಿರುಗಿಸಿದರು. “ಕೇಳು. ಪ್ರಬಂಧ ಅಂದ್ರ ಪೊಲೀಸ ಫಿರ್ಯಾದಿ ಅಲ್ಲ. ಹಾಡಿನ್ಯಾಗ ಭುಜಂಗ ಅನ್ನೋ ಹೆಸರಿಲ್ಲ, ನೀನೂ ಹಾಕಬ್ಯಾಡ. ಹಾಡಿನ್ಯಾಗ ಇದ್ದದ್ದು ಯಾರು?”

“ಸೀಟಿ ಊದುವಾಂವ. ಹಾಡುವಾಕಿಯ ಗಂಡ. ಹಾಡುವಾಕಿ. ಮಣ್ಣು.”

“ನಾಲ್ಕು. ಈ ನಾಲ್ಕನ್ನ ಬಿಟ್ಟು ಹೊರಗ ಹೋಗಬ್ಯಾಡ, ಈ ನಾಲ್ಕರಾಗ ಒಂದನ್ನೂ ಮುಚ್ಚಬ್ಯಾಡ. ಅವನು, ಇದು, ಅದು ಅಂತ ಬಂದಲ್ಲೆಲ್ಲ ಬೆರಳಿಟ್ಟು, ಯಾರು ಅಂತ ಕೇಳು. ಒಂದೇ ಉತ್ತರ ಬಂದ್ರ ಇರಲಿ. ಎರಡು ಬಂದ್ರ ಕಿತ್ತು ಹೆಸರು ಹಾಕು.”

ಅವಳು ಬೆರಳಿಟ್ಟಳು. ಮೊದಲ ‘ಅವನು’. “ಸೀಟಿಯವನು” ಎಂದು ಬರೆದಳು. ಎರಡನೆಯ ‘ಅವನ’ ಗಂಡನದು, ಮೂರನೆಯದೂ ಗಂಡನದು. ಮೌನ ಯಾರದೆಂದು ಈಗ ಸ್ಪಷ್ಟವಾಯಿತು. ‘ಇದು ಅದನ್ನು’ ಎಂಬಲ್ಲಿ ಬೆರಳು ನಿಂತಿತು. ‘ಇದು’ ಎಂದರೆ ಮೌನವೋ, ಪ್ರತಿರೋಧವೋ? ‘ಅದು’ ಹಿಂಸೆಯೋ, ಅಧಿಕಾರವೋ? ತನಗೇ ಗೊತ್ತಿರಲಿಲ್ಲ.

“ಗೊತ್ತಿಲ್ಲದ ಕಡೆ ಸರ್ವನಾಮ ಭಾಳ ಉಪಯೋಗಕ್ಕ ಬರ್ತದ” ಎಂದರು ಮಾಸ್ತರರು. “ಓದಿದಾಂವಗ ತನಗ ತಿಳೀಲಿಲ್ಲ ಅನಸ್ತದ, ಬರದಾಕಿಗೆ ತಿಳಿದಿರಲಿಲ್ಲ ಅಂತ ಗೊತ್ತಾಗೂದೇ ಇಲ್ಲ. ನಾನೂ ಮಾಡೀನಿ ಬಿಡು. ಈಗ ವಿಚಾರ ಮಾಡು, ಆಮ್ಯಾಗ ಬರಿ.”

ಅವಳು ವಿಚಾರ ಮಾಡಿ ಒಂದನ್ನು ಎರಡು ವಾಕ್ಯ ಮಾಡಿದಳು. ಆಮೇಲೆ ಸಳಿಯ ವಾಕ್ಯ. ಹೊಡೆದು, ಕೆಡವಿ, ಈ ಎರಡಕ್ಕೂ ಮಾಲಕನನ್ನು ತಂದು ಮುಂದೆ ನಿಲ್ಲಿಸಿದಳು. ಕ್ರಿಯಾಪದವನ್ನೂ ಅವನದೇ ಮಾಡಿದಳು. ಮಣ್ಣಿಗೆ ಬೇರೆ ವಾಕ್ಯ ಕೊಟ್ಟಳು. ಕೊನೆಯ ಸಾಲಿಗೆ ಬಂದಾಗ ಮಾಸ್ತರರು ಪೆನ್ಸಿಲಿನಿಂದ ಟಕ ಟಕ ಬಡಿದರು. “ಕರ್ತೃತ್ವ ತಾನಾಗಿ ವಿಸರ್ಜನೆ ಆಗ್ತದೇನು? ಯಾರು ವಿಸರ್ಜನೆ ಮಾಡಿದ್ರು? ನಿಮ್ಮವ್ವನೇನು?”

“ಇಲ್ರಿ.” ಅನುಸೂಯಾ ಹಾಡಿನ ಮೂರನೆಯ ಸಾಲನ್ನು ಮತ್ತೆ ನೋಡಿದಳು. ಇಷ್ಟು ವರ್ಷ ಕೇಳಿದ್ದಳು. ಅವ್ವ ಮಣ್ಣಿಗೆ ಕೈ ಬಂದವು ಎಂದಿರಲಿಲ್ಲ. ಬಂದಾವೇನ ಎಂದು ಕೇಳಿದ್ದಳು. “ಅವ್ವ ಪ್ರಶ್ನಿ ಕೇಳ್ಯಾಳ್ರಿ ಸರ್. ವಿಸರ್ಜನೆ ಮಾಡಿದಾಕಿ ನಾನೇ.”

ಮರುದಿನ ಭಾನುವಾರ ಅವಳು ಕೋಂಢವಾಕ್ಕೆ ಹೋಗದೆ ಇರಬಹುದಿತ್ತು. ಹಾಳೆಯನ್ನು ನೇರ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದರೆ ಗುಡ್ಡದ ಹಿಂದಿನವರು ಯಾರೂ ಅದನ್ನು ಎಂದೂ ಓದುತ್ತಿರಲಿಲ್ಲ. ಆದರೆ ತಿಪ್ಪವ್ವನಿಗೆ ಕೊಟ್ಟ ಮಾತು ಇತ್ತು. ಅದಕ್ಕಿಂತ ಹೆಚ್ಚಾಗಿ, ತನ್ನ ಅಕ್ಷರ ನಂಬಿ ದತ್ತು ಅಪ್ಪನನ್ನು ಮತ್ತೊಮ್ಮೆ ಹೂತಿದ್ದ. ಆ ತಮ್ಮ ಕೈಗೆ ಸಿಗುವುದು ಇನ್ನು ಎಷ್ಟು ದಿನವೋ ಯಾರಿಗೆ ಗೊತ್ತು. ಒಂದು ದಿನ ಭುಜಂಗ ಅವನ ಕಡೆ ನೋಡುತ್ತಾನೆ, ಇವನು ಯಾರನ್ನೋ ಕೊಲ್ಲುತ್ತಾನೆ.

ಟಾಕಿಯ ಕಟ್ಟೆಯ ಹತ್ತಿರ ಅದೇ ಹೆಂಗಸರು, ಅದೇ ಬೈಕು. ಭುಜಂಗ ಕಬ್ಬಿಣದ ರಾಶಿಯ ಪಕ್ಕ ಕುಳಿತು ತಂಬಾಕು ತಿಕ್ಕುತ್ತಿದ್ದ. ದತ್ತು ಅವನ ಪಕ್ಕಕ್ಕೆ ನಿಂತಿದ್ದ.

“ಮತ್ತ ಅದೇ ಮಂತ್ರೇನಬೇ?” ತಿಪ್ಪವ್ವ ಕೇಳಿದಳು.

“ಅದೇ ಚಿಗವ್ವ. ತಿದ್ದೀನಿ.”

ಅವಳು ಓದಿದಳು: “ಈ ಪದದಲ್ಲಿ ದುಡಿಮೆಯ ದೇಹ ಹಾಡುವವಳ ಗಂಡನದು, ಅಧಿಕಾರದ ದೇಹ ಸೀಟಿಯವನದು. ಸೀಟಿಯವನು ಗಂಡನ ಮೇಲೆ ಕೈ ಎತ್ತಿದಾಗ ಗಂಡನ ಮೌನವೇ ಪ್ರತಿರೋಧವಾಗುತ್ತದೆ. ಈ ಮೌನ ಸೀಟಿಯವನ ಅಧಿಕಾರವನ್ನು ಒಪ್ಪುವುದಿಲ್ಲ. ಆದರೆ ನೋಡಿದವರೂ ಮೌನವಾಗಿ ಉಳಿದಾಗ ಅದೇ ಅಧಿಕಾರ ಮುಂದುವರಿಯುತ್ತದೆ. ಸೀಟಿಯವನು ಗಂಡನನ್ನು ಸಳಿಯಿಂದ ಹೊಡೆದು ತಗ್ಗಿಗೆ ಕೆಡವುತ್ತಾನೆ. ಆಮೇಲೆ ಮಣ್ಣು ಕುಸಿದು ಗಂಡನನ್ನು ಮುಚ್ಚುತ್ತದೆ. ಮಣ್ಣಿಗೆ ಕೈ ಬಂದಾವೇನ ಎಂದು ಕೇಳುವ ಮೂಲಕ ಹಾಡುವವಳು, ತಪ್ಪನ್ನು ಮಣ್ಣಿನ ಮೇಲೆ ಹಾಕಿದವರಿಗೆ ಉತ್ತರ ಕೊಡುತ್ತಾಳೆ.”

ಅಕ್ಕಿ ಆರಿಸುವ ಕೈಗಳು ನಿಂತಿದ್ದವು. ಒಂದು ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭುಜಂಗ ತಂಬಾಕು ಉಗುಳಿ ಎದ್ದ. “ಯಾವನಲೇ ಅಂವ ಸೀಟಿಯವ?”

“ನಿನ್ನ ಕೊಳ್ಳಾಗ ಜೋತಾಡ್ತದಲ್ಲ,” ತಿಪ್ಪವ್ವ ಕೂತಲ್ಲಿಂದಲೇ ಅಂದಳು, “ಅದೇನು ತಾಳಿ ಏನಪಾ?”

ಯಾರೂ ನಗಲಿಲ್ಲ. ಭುಜಂಗ ನಾಲ್ಕು ಹೆಜ್ಜೆಗೆ ಕಟ್ಟೆ ತಲುಪಿ ಅನುಸೂಯಾಳ ಕೆನ್ನೆಗೆ ಬೀಸಿದ. ಅವಳು ಕಟ್ಟೆಯಿಂದ ಜಲ್ಲಿಯ ಮೇಲೆ ಬಿದ್ದಳು. ಬಾಯಲ್ಲಿ ಉಪ್ಪುಪ್ಪು ರಕ್ತ ತುಂಬಿತು. ಭುಜಂಗ ಅವಳ ಜಡೆಗೆ ಕೈ ಹಾಕಿ, ತಲೆಯನ್ನು ಟಾಕಿಯ ಗೋಡೆಗೆ ಒತ್ತಿ, “ದತ್ತೂ, ಆ ಕಾಗದ ಕಸಗೊಂಡು ಸುಡು” ಎಂದ.

ದತ್ತು ಬಂದು ಹಾಳೆ ಎತ್ತಿಕೊಂಡ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪುಣೆಯಲ್ಲಿ ಒಂದೆರಡು ವರ್ಷ ಮರಾಠಿ ಶಾಲೆಗೆ ಹೋಗಿ ಬಿಟ್ಟವನು. ಹಾಳೆಯನ್ನು ನೋಡುತ್ತ ನಿಂತ, ಸುಡಲಿಲ್ಲ.

“ಅಕ್ಕ, ಆ ಸಳಿ ಮಾತು ಇನ್ನೊಮ್ಮೆ ಹೇಳು. ಯಾರು ಹೊಡದ್ರು?”

“ಸೀಟಿಯವನು ಗಂಡನನ್ನು ಸಳಿಯಿಂದ ಹೊಡೆದು…” ಅನುಸೂಯಾ ಹೇಳುವಷ್ಟರಲ್ಲಿ ಭುಜಂಗ ಅವಳ ಬಾಯಿಯ ಮೇಲೆ ಗುದ್ದಿದ. ಮುಂದಿನ ಹಲ್ಲೊಂದು ಸಡಿಲವಾಗಿ ನಾಲಿಗೆಗೆ ತಗುಲಿತು.

ಆಗ ಹಾಡು ಕೇಳಿಸಿತು. ಗುಡಿಸಲಿನ ಬಾಗಿಲಲ್ಲಿ ನಿಂತು ಚಂದಮ್ಮ ಹಾಡುತ್ತಿದ್ದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಆದರೆ ಕೈ ಎರಡೂ ಬುಟ್ಟಿ ಹಿಡಿದವಳಂತೆ ಮೇಲೆ ಇದ್ದವು. ಮೂರು ಸಾಲು ಮುಗಿಸಿ ನಾಲ್ಕನೆಯದೊಂದು ಸೇರಿಸಿದಳು. ಅದು ಹಾಡಾಗಿರಲಿಲ್ಲ. “ದತ್ತೂ, ನಿಮ್ಮಪ್ಪ ಕುಡದಿದ್ದಿಲ್ಲ. ಸಲಿಕಿ ಕೆಳಗ ಇಟ್ಟು ಕುಂತಿದ್ದ. ಹೊಡದಾಂವ ಇಂವ. ನಿನ್ನ ಮಾರಿ ನೋಡಿ ನಾ ಬಾಯಿ ಮುಚ್ಚಿದೆ.”

ಭುಜಂಗ ಅನುಸೂಯಾಳನ್ನು ಬಿಟ್ಟು ರಾಶಿಯಿಂದ ಸಳಿ ಎಳೆದ. ಇಪ್ಪತ್ತು ವರ್ಷದ ಹಿಂದಿನ ಕೈಗೆ ಅಭ್ಯಾಸ ಹೋಗಿರಲಿಲ್ಲ. ಮೊದಲ ಏಟು ಚಂದಮ್ಮನ ಹೆಗಲಿಗೆ. ಅವಳು ಬಾಗಿಲಿನ ಪತ್ರಾಕ್ಕೆ ಬಡಿದು ಕುಸಿದಳು. ಎರಡನೆಯ ಏಟಿಗೆ ಎತ್ತಿದ ಸಳಿಯನ್ನು ಹಿಂದಿನಿಂದ ದತ್ತು ಹಿಡಿದ.

ಅವನು ಕಿತ್ತುಕೊಂಡ ರಭಸಕ್ಕೆ ಭುಜಂಗನ ಅಂಗೈ ಚರ್ಮ ಸುಲಿದುಹೋಯಿತು. ದತ್ತು ಭುಜಂಗನ ಬಲಗೈಗೆ ಮೊಣಕೈ ಮೇಲೆ ಹೊಡೆದ. ಎಲುಬು ಎರಡು ತುಂಡಾಗಿ ಕೈ ತಿರುಗುಮುರುಗಾಗಿ ಜೋತುಬಿತ್ತು. ಭುಜಂಗ ಅರಚುತ್ತ ಓಡಿದ. ಹೊಸ ಕಟ್ಟಡದ ಬುನಾದಿ ಅಲ್ಲೇ ಇತ್ತು, ಅದರ ಅಂಚಿನಲ್ಲಿ ಕಾಲು ಮಡಚಿ ಬಿದ್ದ. ದತ್ತು ಬೆನ್ನತ್ತಿ ಹೋಗಿ ಅವನ ಮೊಣಕಾಲಿಗೆ ಹೊಡೆದ. ಇನ್ನೊಂದು ಒದೆತಕ್ಕೆ ಭುಜಂಗ ತಗ್ಗಿನ ತಳದಲ್ಲಿರುತ್ತಿದ್ದ. ದತ್ತು ಕಾಲು ಎತ್ತಿದ.

“ಕೆಡವಬ್ಯಾಡ!” ಚಂದಮ್ಮ ಮುರಿದ ಹೆಗಲನ್ನು ಇನ್ನೊಂದು ಕೈಯಿಂದ ಹಿಡಿದು ಎದ್ದು ಬಂದಿದ್ದಳು. “ಕೆಡವಬ್ಯಾಡಪಾ. ಆಮ್ಯಾಗ ಮತ್ತ ಮಣ್ಣಿನ ಹೆಸರೇ ಹೇಳ್ತಾರ.”

ದತ್ತುವಿನ ಕಾಲು ಗಾಳಿಯಲ್ಲಿ ನಿಂತಿತು. ಆಮೇಲೆ ನೆಲಕ್ಕೆ ಬಂತು. ಅವನು ಭುಜಂಗನ ಕೊರಳ ದಾರ ಹರಿದು ಸೀಟಿಯನ್ನು ತಗ್ಗಿಗೆ ಎಸೆದ.

ಜಗಳದ ಸುದ್ದಿ ಮುಟ್ಟಿ ಎಲ್ಲರನ್ನೂ ಕರೆತಂದ ಪೊಲೀಸ್ ಚೌಕಿಯಲ್ಲಿ ಹವಾಲದಾರ ಒಳ್ಳೆಯವನೇ. ಬಾಗಿಲ ಹೊರಗೆ ಮುಕಾದಮನೂ ಇದ್ದ, ದವಾಖಾನೆಯ ಗಾಡಿ ಬರುವ ತನಕ ಮುರಿದ ಕೈಗೆ ಟಾವೆಲ್ ಸುತ್ತಿಕೊಂಡು ನರಳುತ್ತಿದ್ದ. ಹವಾಲದಾರ ಅವನನ್ನು ಕೇಳಿದ, ಹೆಂಗಸರನ್ನು ನೋಡಿದ, ಹುಡುಗನ ವಯಸ್ಸು ನೋಡಿದ. ಆಮೇಲೆ ಮರಾಠಿಯಲ್ಲಿ ಒಂದು ಸಾಲು ಬರೆದು ಓದಿ ಹೇಳಿದ. ಜಗಳ ನಡೆಯುವಾಗ ಸಳಿ ತಾಗಿ ಕೈ ಮುರಿಯಿತು, ಯಾರ ಮೇಲೂ ದೂರಿಲ್ಲ. “ಮುಕಾದಮ ಒಪ್ಯಾನ. ಬಾಯಿ, ನೀವು ಶಿಕ್ಷಕಿ, ಇಲ್ಲಿ ಸಹಿ ಮಾಡ್ರಿ. ಹುಡುಗನ್ನ ಮನಿಗೆ ಕರಕೊಂಡು ಹೋಗ್ರಿ” ಎಂದ.

ಭುಜಂಗ ಹೊರಗಿನಿಂದಲೇ, “ಹೌದ ಹೌದ, ತಾಗ್ಯದ, ತಾಗ್ಯದ” ಎಂದ. ದೂರು ಬಂದರೆ ಹಳೆಯ ತಗ್ಗು ಮತ್ತೆ ಬಾಯಿ ತೆರೆಯುತ್ತದೆಂದು ಅವನಿಗೆ ಗೊತ್ತಿತ್ತು.

ಅನುಸೂಯಾ ಪೆನ್ನು ತೆಗೆದುಕೊಂಡಳು. ಬಾತ ತುಟಿಯಿಂದ ರಕ್ತ ಇನ್ನೂ ಒಸರುತ್ತಿತ್ತು. ಸಹಿ ಮಾಡಿದರೆ ತಮ್ಮ ಇವತ್ತೇ ಹೊರಗೆ. ಒಂದು ಸಾಲು, ಎಂಟೋ ಹತ್ತೋ ಶಬ್ದ. ಬೆರಳು ತಾನಾಗಿಯೇ ಹೋಗಿ ‘ತಾಗಿ’ ಎಂಬುದರ ಮೇಲೆ ನಿಂತಿತು. ಯಾರು? ಅದನ್ನು ಕೇಳುವ ಧೈರ್ಯ ಈಗ ಅವಳಿಗೆ ಆಗಲಿಲ್ಲ. ಅಪ್ಪನ ಸಾವಿಗೆ ಯಾವ ಮಂಜು ಹಾಕಿದ್ದರೋ ಅದೇ ಮಂಜು ಈಗ ತಮ್ಮನಿಗೆ ಕಂಬಳಿಯಾಗಿ ಬಂದಿತ್ತು. ಅವಳು ಪೆನ್ನಿನ ತುದಿಯನ್ನು ಹಾಳೆಗೆ ತಂದಳು.

“ಅಕ್ಕ,” ಬೆಂಚಿನ ಮೇಲಿನಿಂದ ದತ್ತು ಅಂದ. “ಅದರಾಗ ಏನ ಬರದಾರ? ನಮ್ಮ ಮಾತಿನ್ಯಾಗ ಹೇಳು.”

ಅವಳು ಕನ್ನಡದಲ್ಲಿ ಹೇಳಿದಳು.

ದತ್ತು ಸ್ವಲ್ಪ ಹೊತ್ತು ತನ್ನ ಸುಲಿದ ಗೆಣ್ಣು ನೋಡಿಕೊಂಡ. “ಸಳಿ ತಾನೇ ಹೋಗಿ ತಾಗಿತೇನು? ನಾ ಹೊಡದೀನಿ. ನನ್ನ ಹೆಸರು ಹಾಕಂತ ಹೇಳು. ಯಾಕ ಹೊಡದೆ ಅನ್ನೋದೂ ಹಾಕಲಿ, ಅವ್ವಗ ಯಾರು ಹೊಡದ್ರು ಅನ್ನೋದೂ ಹಾಕಲಿ. ಅಪ್ಪನ್ನೂ ಹಾಕಲಿ.”

“ಒಳಗ ಹಾಕ್ತಾರೋ ದತ್ತು.”

“ಹಾಕಲಿ. ನಿನ್ನ ಹಾಳ್ಯಾಗ ಅಪ್ಪ ಹೊರಗ ಬಂದಾನ. ನಾ ಒಳಗ ಹೋದ್ರ ಏನಾತು.”

ಅನುಸೂಯಾ ಅವ್ವನ ಕಡೆ ನೋಡಿದಳು. ಚಂದಮ್ಮ ಗೋಡೆಗೆ ಒರಗಿ, ಜೋಲಿಯಂತೆ ಕಟ್ಟಿದ ಸೆರಗಿನಲ್ಲಿ ಕೈ ಇಟ್ಟುಕೊಂಡು ಕುಳಿತಿದ್ದಳು. ಅಳಲಿಲ್ಲ. ಮಗನ ಕಡೆ ಒಮ್ಮೆ ನೋಡಿ ಗೋಣು ಹಾಕಿದಳು. ಆಮೇಲೆ ಹವಾಲದಾರನ ಎದುರಿನ ಕುರ್ಚಿಗೆ ಬಂದು ಕುಳಿತಳು. ಅಂಥ ಕುರ್ಚಿಯಲ್ಲಿ ಅವಳು ಮೊದಲ ಸಲ ಕುಳಿತದ್ದು.

“ಹೊಸಾ ಕಾಗದ ತಗೋರಿ ಸಾಹೇಬ್ರ” ಎಂದಳು ಅನುಸೂಯಾ ಮರಾಠಿಯಲ್ಲಿ. “ಅವ್ವ ಹೇಳ್ತಾಳ, ನಾ ಮರಾಠಿ ಮಾಡಿ ಹೇಳ್ತೀನಿ.”

ಹವಾಲದಾರ ನಿಟ್ಟುಸಿರು ಬಿಟ್ಟು ಹೊಸ ಹಾಳೆ ಎಳೆದ. ಚಂದಮ್ಮ ಹೇಳಿದಳು. ‘ಅಂವ’ ಎಂದಲ್ಲೆಲ್ಲ ಅನುಸೂಯಾ ತಡೆದು ಕೇಳಿದಳು, ಯಾವ ಅಂವ? ಚಂದಮ್ಮ ಹೆಸರು ಹೇಳಿದಳು. ಭುಜಂಗ, ಹುಸೇನಪ್ಪ, ಭುಜಂಗ. ಕೊನೆಗೆ, ದತ್ತು. ಆ ಹೆಸರನ್ನು ಮರಾಠಿಗೆ ದಾಟಿಸುವಾಗ ಮಾತ್ರ ಅನುಸೂಯಾಳ ದನಿ ಒಡೆಯಿತು. ಹವಾಲದಾರ ಪೆನ್ನು ಎತ್ತಿ ಕಾಯ್ದ. ಅವಳು ಬಾಯೊರೆಸಿಕೊಂಡು ಮತ್ತೊಮ್ಮೆ ಬಿಡಿಸಿ ಹೇಳಿದಳು.

ಹಳೆಯ ಸಾವಿನ ಪ್ರಕರಣ ಕೋರ್ಟಿನಲ್ಲಿ ನಿಲ್ಲಲಿಲ್ಲ. ನೋಡಿದ ಗಂಡಸರಲ್ಲಿ ಕೆಲವರು ಊರು ಸೇರಿದ್ದರು, ಉಳಿದವರು ನೆನಪಿಲ್ಲ ಎಂದರು. ಚಂದಮ್ಮನ ಹೆಗಲು ಮುರಿದದ್ದಕ್ಕೆ ಭುಜಂಗನಿಗೆ, ಭುಜಂಗನ ಕೈ ಮುರಿದದ್ದಕ್ಕೆ ದತ್ತುವಿಗೆ ಶಿಕ್ಷೆಯಾಯಿತು. ಚಂದಮ್ಮನಿಗೆ ಬುಟ್ಟಿ ಹೊರಲು ಮತ್ತೆ ಆಗಲಿಲ್ಲ. ಮಗಳ ಒಂದು ಕೋಣೆಯ ಮನೆಗೆ ಬಂದಳು.

ಅನುಸೂಯಾ ಪ್ರಬಂಧ ಒಪ್ಪಿಸಿದಳು. ಹಾಡುಗಾರ್ತಿಯ ಹೆಸರಿನ ಜಾಗದಲ್ಲಿ ಚಂದಮ್ಮ ಎಂದು ಬರೆದು, ಸಂಗ್ರಹಿಸಿದವಳ ತಾಯಿ ಎಂದೂ ಸೇರಿಸಿದ್ದಳು. ಈಗಲೂ ಅದೇ ಶಾಲೆಯಲ್ಲಿದ್ದಾಳೆ. ಮುಂದಿನ ಹಲ್ಲಿನ ಜಾಗ ಖಾಲಿಯೇ ಇದೆ, ಕಟ್ಟಿಸಿಕೊಂಡಿಲ್ಲ. ಜೈಲಿನ ಭೇಟಿಯ ದಿನ ಬಂದರೆ ಅವಳ ಚೀಲದಲ್ಲಿ ತಮ್ಮನಿಗೆಂದು ಕನ್ನಡ ಅಂಕಲಿಪಿ ಇರುತ್ತಿತ್ತು. ಜಾಳಿಗೆಯ ಆಚೆ ಕುಳಿತು ಅವನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಬಿಡುಗಡೆಯಾಗುವ ಹೊತ್ತಿಗೆ ಅವನಿಗೆ ಆ ಒಂದು ಪ್ಯಾರಾ ಓದಲು ಬರುತ್ತಿತ್ತು. ತಪ್ಪಿಲ್ಲದೆ, ತಡೆಯದೆ, ಸಳಿಯ ವಾಕ್ಯದ ಹತ್ತಿರ ಮಾತ್ರ ಸ್ವಲ್ಪ ನಿಂತು.